ಡ್ರೆಸ್ಡೆನ್‌ನಲ್ಲಿ ನೂರಾ ಎರಡೂವರೆ

ಫೆಬ್ರವರಿಯಲ್ಲಿ 'ಜ್ವರ' ಎಂಬ ಮಾತನ್ನು ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಯಾರೂ ಸುಮ್ಮನೆ ಆಡುವುದಿಲ್ಲ. ಅದು ತರಗೆಲೆ ಗುಡಿಸಲು ಕಾಡಿಗೆ ಹೋಗುವ ಕಾಲ, ಉಣುಗು ಕಚ್ಚುವ ಕಾಲ, ಮಂಗನ ಕಾಯಿಲೆಯ ಕಾಲ. ಚೈತ್ರಾಳ ಅಮ್ಮನಂತೂ ಪಕ್ಕದ ಮನೆಯವರು ಸೀನಿದರೂ ಎದ್ದು ಹೋಗಿ ವಿಚಾರಿಸುವವಳು. ಅದಕ್ಕೇ ಡ್ರೆಸ್ಡೆನ್‌ನ ಹಾಸ್ಟೆಲ್ ಕೋಣೆಯಲ್ಲಿ ಆ ಶನಿವಾರ ರಾತ್ರಿ ಥರ್ಮಾಮೀಟರ್ 39.2 ತೋರಿಸಿದಾಗ ಚೈತ್ರಾ ಫೋನ್ ಮಾಡಿದ್ದು ಅಮ್ಮನಿಗಲ್ಲ, ಗೀತಾ ಚಿಕ್ಕಮ್ಮನಿಗೆ.

ಚಿಕ್ಕಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್. ಈ ತಿಂಗಳುಗಳಲ್ಲಿ ಡೀಪಾ ಎಣ್ಣೆಯ ಬಾಟಲಿ ಹಿಡಿದು ಮನೆಮನೆ ತಿರುಗುವುದೇ ಅವಳ ಕೆಲಸ. ಊರಲ್ಲಿ ಆಗ ರಾತ್ರಿ ಹನ್ನೊಂದೂವರೆ. ಒಂದೇ ರಿಂಗಿಗೆ ಎತ್ತಿದಳು.

"ಎಷ್ಟಿದೆ?"

"ಮೂವತ್ತೊಂಬತ್ತು ಪಾಯಿಂಟ್ ಎರಡು."

"ಅದೆಂಥ ಲೆಕ್ಕ ಮಾರಾಯ್ತಿ? ನಮ್ಮ ಲೆಕ್ಕದಲ್ಲಿ ಹೇಳು."

ಚೈತ್ರಾ ಎಂ.ಎಸ್ಸಿ. ಓದುತ್ತಿದ್ದವಳು. ಆದರೂ ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟಿಗೆ ಬದಲಾಯಿಸಲು ಆ ಹೊತ್ತಿಗೆ ಅವಳ ತಲೆ ಒಪ್ಪಲಿಲ್ಲ. ಚಿಕ್ಕಮ್ಮನೇ ಗುಣಿಸಿ ಕೂಡಿ "ನೂರಾ ಎರಡೂವರೆ" ಎಂದಳು. ಆಮೇಲೆ ಶುರುವಾಯಿತು ವಿಚಾರಣೆ. ಮೈಕೈ ನೋವು ಎಲ್ಲಿ? ಕಣ್ಣಿನ ಹಿಂದೆ ನೋವಿದೆಯಾ? ವಾಂತಿ? ಮೂತ್ರ ಎಷ್ಟು ಸಲ ಹೋದೆ, ಬಣ್ಣ ಯಾವುದು? ಎದೆ ನೋವಿದೆಯಾ? "ಈಗ ಒಂದೇ ಉಸಿರಲ್ಲಿ ಇಪ್ಪತ್ತರವರೆಗೆ ಎಣಿಸು ನೋಡುವಾ." ಚೈತ್ರಾ ಎಣಿಸಿದಳು. ಕೊನೆಗೆ ಕೆಮ್ಮು ಬಂತು, ಆದರೂ ಮುಗಿಸಿದಳು.

"ಉಸಿರು ಚೆನ್ನಾಗಿದೆ. ಫ್ಲೂ ಇರ್ಬೇಕು. ಒಂದು ಕಾಗದ ತಗೋ. ಹೊತ್ತು, ಜ್ವರ, ಮಾತ್ರೆ, ನೀರು, ಮೂತ್ರ. ಐದು ಮನೆ ಹಾಕು. ಪೇಶೆಂಟೂ ನೀನೇ, ಸಿಸ್ಟರೂ ನೀನೇ. ಪೇಶೆಂಟ್ ಹಠ ಮಾಡಿದ್ರೆ ಸಿಸ್ಟರ್ ಬೈಬೇಕು, ತಿಳೀತಾ?"

"ಅಮ್ಮನಿಗೆ ಹೇಳ್ಬೇಡ."

"ಹೇಳಲ್ಲ. ನಂಗೂ ರಾತ್ರಿ ನಿದ್ದೆ ಬೇಕಲ್ಲ."

ಊರಿನಿಂದ ತಂದ ಡೋಲೋ ಪಟ್ಟಿಯಲ್ಲಿ ಉಳಿದಿದ್ದು ಎರಡೇ. ಒಂದನ್ನು ಆಗಲೇ ನುಂಗಿದಳು, ಇನ್ನೊಂದು ಬೆಳಗಿನ ಜಾವ ಹೋಯಿತು. ಭಾನುವಾರ ಎದ್ದರೆ ಮೈ ಕೆಂಡ, ಬೀದಿ ನಿರ್ಜನ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಸೂಪರ್‌ಮಾರ್ಕೆಟ್ ತೆರೆದಿದ್ದರೂ ಪ್ರಯೋಜನವಿರಲಿಲ್ಲ, ಅಲ್ಲಿ ಪ್ಯಾರಾಸಿಟಮಾಲ್ ಸಿಗುವುದು ಔಷಧದಂಗಡಿಯಲ್ಲಿ ಮಾತ್ರ. ನಮ್ಮಲ್ಲಿ ಕಿರಾಣಿ ಅಂಗಡಿಯವನು ಬೀಡಿ ಕಟ್ಟಿನ ಪಕ್ಕದಿಂದ ಎರಡು ಗುಳಿಗೆ ಕತ್ತರಿಸಿ ಕೊಡುವುದು ತಪ್ಪೇ ಇರಬಹುದು. ಆದರೆ ಆ ಬೆಳಗ್ಗೆ ಅಂಥ ತಪ್ಪಿಗಾಗಿ ಚೈತ್ರಾ ಹಂಬಲಿಸಿದ್ದಂತೂ ನಿಜ. ಪಕ್ಕದ ಕೋಣೆಯ ಲೇನಾ ಪರೀಕ್ಷೆ ಮುಗಿಸಿ ಊರಿಗೆ ಹೋಗುವಾಗ ಆಸ್ಪಿರಿನ್ ಪೊಟ್ಟಣವೊಂದನ್ನು ಅಡುಗೆಮನೆಯಲ್ಲಿ ಬಿಟ್ಟಿದ್ದಳು. ಫೋಟೋ ಕಳಿಸಿದರೆ ಚಿಕ್ಕಮ್ಮನಿಂದ ತಕ್ಷಣ ಧ್ವನಿ ಸಂದೇಶ ಬಂತು: "ಅದು ಬೇಡ. ಯಾವ ಜ್ವರ ಅಂತ ಗೊತ್ತಾಗೋ ಮೊದ್ಲು ನಾವು ಆಸ್ಪಿರಿನ್ ಮುಟ್ಟಲ್ಲ. ಡೆಂಗಿ ಇರ್ಲಿ, ಮಂಗನ ಕಾಯಿಲೆ ಇರ್ಲಿ, ರಕ್ತ ಸೋರ್ತದೆ."

"ಚಿಕ್ಕಮ್ಮ, ಇಲ್ಲಿ ಮಂಗ ಇರೋದು ಝೂನಲ್ಲಿ."

"ಇರ್ಲಿ. ಬೇಡ ಅಂದ್ರೆ ಬೇಡ."

ಪ್ರತಿ ಭಾನುವಾರವೂ ಸರದಿಯ ಮೇಲೆ ಒಂದೊಂದು ಔಷಧದಂಗಡಿ ತೆರೆದಿರುತ್ತದೆ. ಆ ದಿನದ್ದು ಟ್ರಾಮ್‌ನಲ್ಲಿ ನಾಲ್ಕನೇ ನಿಲ್ದಾಣ. ಥರ್ಮಲ್ ಒಳಂಗಿ, ಸ್ವೆಟರ್, ಜಾಕೆಟ್, ಮಾಸ್ಕ್ ಎಲ್ಲವನ್ನೂ ಏರಿಸಿಕೊಳ್ಳುವಷ್ಟರಲ್ಲಿ ಅರ್ಧ ಶಕ್ತಿ ಮುಗಿಯಿತು. ಟ್ರಾಮ್‌ನಲ್ಲಿ ಎಲ್ಲರಿಂದ ದೂರ, ಕಟ್ಟಕಡೆಯ ಸೀಟು ಹಿಡಿದಳು. ಬಾಗಿಲು ಮುಚ್ಚಿದ್ದ ಅಂಗಡಿಯ ಗಂಟೆ ಒತ್ತಿದರೆ ಅಂಗೈಯಗಲದ ಕಿಟಕಿ ತೆರೆಯಿತು. ಒಳಗಿದ್ದ ಬಿಳಿಕೂದಲಿನ ಹೆಂಗಸು ಎಷ್ಟು ಜ್ವರ, ಎಷ್ಟು ದಿನದಿಂದ, ಬೇರೆ ಮಾತ್ರೆ ಏನಾದರೂ ತಗೊಳ್ಳುತ್ತೀಯಾ, ಲಿವರ್ ತೊಂದರೆ ಇದೆಯಾ ಎಂದು ಕೇಳಿದಳು. ಚಿಕ್ಕಮ್ಮನ ಜರ್ಮನ್ ಅಕ್ಕನೇ ಇರಬೇಕು! ಇಪ್ಪತ್ತು ಗುಳಿಗೆಯ ಒಂದು ಪೊಟ್ಟಣ, ಹೊತ್ತಲ್ಲದ ಹೊತ್ತಿಗೆ ಬಂದದ್ದಕ್ಕೆ ಮೇಲೆ ಎರಡೂವರೆ ಯೂರೋ. ಕಿಟಕಿ ಮುಚ್ಚುವ ಮೊದಲು "ಗೂಟೆ ಬೆಸ್ಸರುಂಗ್" ಎಂದು ಹಾರೈಸಿದಳು. ಬೆಳಗಿನಿಂದ ಎದುರು ನಿಂತು ಮಾತಾಡಿದ ಒಂದೇ ಜೀವ. ಚೈತ್ರಾಳ ಕಣ್ಣಲ್ಲಿ ನೀರು ಬಂತು. ಅದನ್ನು ಅವಳು ಜ್ವರದ ಲೆಕ್ಕಕ್ಕೇ ಬರೆದುಕೊಂಡಳು.

ಆಮೇಲಿನದೆಲ್ಲ ಸಿಸ್ಟರ್ ಕೆಲಸ. ಆರು ಗಂಟೆಗೊಂದು ಗುಳಿಗೆ, ಅದರ ಮೇಲೆ ನೆಗಡಿಯ ಪುಡಿ ಗಿಡಿ ಬೇಡ, ಅದರೊಳಗೂ ಇದೇ ಪ್ಯಾರಾಸಿಟಮಾಲ್ ಇರುತ್ತದೆ. ಹಾಸಿಗೆಯ ಬಳಿ ಲೀಟರ್ ಬಾಟಲಿ, ಸಂಜೆಯೊಳಗೆ ಎರಡು ಸಲ ಖಾಲಿಯಾಗಬೇಕು. ಬೆವರಿ ಒದ್ದೆಯಾದ ಅಂಗಿಯಲ್ಲೇ ಮಲಗೋಣವೆಂದು ಪೇಶೆಂಟ್ ಅಂದಾಗ ಸಿಸ್ಟರ್ ಗದರಿಸಿ ಎಬ್ಬಿಸಿದಳು. ಐದು ನಿಮಿಷ ಕಿಟಕಿ ತೆರೆ ಎಂದಾಗ ಪೇಶೆಂಟ್ ಸಾಯುತ್ತೇನೆಂದಳು. ಹೊರಗೆ ಸೊನ್ನೆಗಿಂತ ಕೆಳಗಿತ್ತು. ರಜಾಯಿಯೊಳಗೆ ತಲೆವರೆಗೆ ಹೊದ್ದು ಇಬ್ಬರೂ ಕಾದರು.

ಕಷ್ಟವಾದದ್ದು ಊಟ. ಬಾಸ್ಮತಿಯಲ್ಲಿ ಗಂಜಿ ಬರುವುದಿಲ್ಲ, ಕಾಳು ಕಾಳೇ ನಿಲ್ಲುತ್ತದೆ. ಜರ್ಮನ್ನರು ಹಾಲಲ್ಲಿ ಬೇಯಿಸಿ ದಾಲ್ಚಿನ್ನಿ ಉದುರಿಸಿ ತಿನ್ನುವ ಗುಂಡಕ್ಕಿ ಒಂದಿದೆ, ಮಿಲ್ಶ್‌ರೈಸ್. ಅದನ್ನು ನೀರಲ್ಲಿ ಮೆತ್ತಗೆ ಬೇಯಿಸಿ ಉಪ್ಪು ಹಾಕಿದರೆ ಊರಿನ ಗಂಜಿಗೆ ಹತ್ತಿರ ಬರುತ್ತದೆ. ಅಪ್ಪೆಮಿಡಿ ಬಾಟಲಿಯ ತಳದಲ್ಲಿ ರಸವಷ್ಟೇ ಉಳಿದಿತ್ತು. ಒಂದು ಚಮಚ ಬಿಟ್ಟುಕೊಂಡಳು. ಮೂಗು ಕಟ್ಟಿದ್ದರಿಂದ ವಾಸನೆ ಬರಲಿಲ್ಲ, ಆದರೆ ಹುಳಿ, ಉಪ್ಪು, ಖಾರ ಮೂರೂ ನಾಲಿಗೆಗೆ ಸಿಕ್ಕಿದವು. ಕಾಗದದ ಮೇಲೆ ಆರನೇ ಮನೆ ಹಾಕಿ ಬರೆದಳು: 'ಗಂಜಿ, ಒಂದು ಬಟ್ಟಲು, ಪೂರ್ತಿ.'

ಸೋಮವಾರ ವೈದ್ಯರು ಮೂಗಿಗೆ ಕಡ್ಡಿ ಹಾಕಿ ಇನ್‌ಫ್ಲುಯೆಂಜಾ ಎಂದರು. ಆಂಟಿಬಯಾಟಿಕ್ ಬರೆಯಲಿಲ್ಲ. ಮಂಗಳವಾರದ ಪರೀಕ್ಷೆ ತಪ್ಪಿಸಿಕೊಳ್ಳಲು ಸರ್ಟಿಫಿಕೇಟ್ ಕೊಟ್ಟರು. ಅವಳ ಆರು ಮನೆಯ ಕಾಗದವನ್ನು ತಿರುಗಿಸಿ ನೋಡಿ, ಮೂತ್ರದ ಸಾಲಿನ ಕನ್ನಡ ಅಕ್ಷರದ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಹೇಳಿದಾಗ ನಗಲಿಲ್ಲ, ತಲೆದೂಗಿದರು.

ಅಮ್ಮನ ಫೋನ್ ದಿನಾ ಬರುತ್ತಿತ್ತು. ಕ್ಯಾಮೆರಾ ಹಾಳಾಗಿದೆ, ಗಂಟಲು ಕಟ್ಟಿದೆ, ಓದುತ್ತಾ ಇದ್ದೇನೆ. ಜ್ವರ ಇಳಿದು ಕೆಮ್ಮು ಮಾತ್ರ ಉಳಿದ ಗುರುವಾರ, ಚಿಕ್ಕಮ್ಮ ಅಮ್ಮನ ಮನೆಯಲ್ಲೇ ಕೂತು ಕಾಫಿ ಕುಡಿಯುತ್ತಾ, "ನಿನ್ನ ಮಗಳು ಗಟ್ಟಿ ಕಣೇ, ನೂರಾ ಎರಡೂವರೆಯಲ್ಲಿ ಟ್ರಾಮ್ ಹತ್ತಿದ್ಲು" ಎಂದುಬಿಟ್ಟಳು.

ಫೋನ್ ಸ್ಪೀಕರ್‌ಗೆ ಬಂತು.

"ಅವಳಿಗೆ ಹೇಳ್ತೀಯ. ಹೆತ್ತವಳಿಗೆ ಹೇಳಲ್ಲ."

"ಅಮ್ಮ, ನೀನು ಹೆದರ್ತೀಯ ಅಂತ..."

"ಹೆದರೋದು ನನ್ನ ಕೆಲಸ. ಅದನ್ನ ನೀನ್ಯಾಕೆ ತಪ್ಪಿಸೋದು?" ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ, ಲೋಟ ಇಟ್ಟ ಸದ್ದು. "ಎಂಥ ತಿಂದೆ?"

"ಗಂಜಿ. ನಿನ್ನೆ ತಿಳಿಸಾರು ಮಾಡ್ಕೊಂಡೆ."

"ಒಗ್ಗರಣೆ ಎಂಥದ್ರಲ್ಲಿ?"

"ಬೆಣ್ಣೆ ಕಾಯಿಸಿದೆ."

"ಹುಳಿ?"

"ನಿಂಬೆಹಣ್ಣು."

"ಒಲೆ ಮೇಲಿದ್ದಾಗ್ಲೇ ಹಿಂಡಿದ್ಯಾ, ಇಳಿಸಿ ಹಿಂಡಿದ್ಯಾ? ಕುದೀವಾಗ ಹಿಂಡಿದ್ರೆ ಕಹಿ ಬರ್ತದೆ."

"ಅಕ್ಕ, ಮೊದ್ಲು ಇವತ್ತಿನ ಟೆಂಪರೇಚರ್ ಕೇಳೆ," ಎಂದಳು ಚಿಕ್ಕಮ್ಮ ಹಿಂದಿನಿಂದ.

"ನೀನು ಸುಮ್ನಿರೆ. ಇಷ್ಟು ದಿನ ನೀನೇ ಕೇಳಿದ್ದಾಯ್ತಲ್ಲ. ಹೇಳು ಚೈತ್ರಾ, ಜೀರಿಗೆ ಎಷ್ಟು ಹಾಕಿದ್ದೆ?"