ಕೆರೆಗೆ ಬಿದ್ದ ಮಗು: ಸಿಂಗರ್ ಪ್ರಬಂಧದ ಸಾರ

ತಮ್ಮಾ,

ನಿನ್ನ ಬಿ.ಎ. ಪರೀಕ್ಷೆಗೆ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಅವರ ‘ಫ್ಯಾಮಿನ್, ಅಫ್ಲುಯೆನ್ಸ್ ಆ್ಯಂಡ್ ಮೊರಾಲಿಟಿ’ ಪ್ರಬಂಧ ಇದೆ ಅಂದೆಯಲ್ವಾ? ಸಾರ ಬರೆದಿದ್ದೇನೆ. ಮೂಲ ಓದುವಾಗ ಪಕ್ಕದಲ್ಲಿಟ್ಟುಕೋ.

ಸಿಂಗರ್ ಇದನ್ನು ಬರೆದದ್ದು 1971ರಲ್ಲಿ, ಅಚ್ಚಾದದ್ದು 1972ರಲ್ಲಿ. ಆಗ ಪೂರ್ವ ಬಂಗಾಳದ, ಅಂದರೆ ಈಗಿನ ಬಾಂಗ್ಲಾದೇಶದ, ಸುಮಾರು 90 ಲಕ್ಷ ನಿರಾಶ್ರಿತರು ಊಟ, ಸೂರು, ಮದ್ದು ಇಲ್ಲದೆ ಕಂಗಾಲಾಗಿದ್ದರು. ಇಂಥವರಿಗೆ ಅನುಕೂಲಸ್ಥರು ಹಣ ಕೊಡುವುದು ದಾನವಲ್ಲ, ಕರ್ತವ್ಯ. ಕೊಡದಿದ್ದರೆ ತಪ್ಪು. ಇಡೀ ವಾದ ಇಷ್ಟೇ.

ಅದು ನಿಂತಿರುವುದು ಎರಡು ಮಾತಿನ ಮೇಲೆ. ಹಸಿವು, ಸೂರಿಲ್ಲದಿರುವುದು, ಚಿಕಿತ್ಸೆ ಸಿಗದಿರುವುದು, ಇವುಗಳಿಂದ ಬರುವ ನರಳಾಟ, ಸಾವು ಕೆಟ್ಟದ್ದು. ಇದನ್ನು ಯಾರೂ ಅಲ್ಲಗಳೆಯಲಿಕ್ಕಿಲ್ಲ. ಎರಡನೆಯದೇ ಮುಖ್ಯ: ಕೆಟ್ಟದ್ದೊಂದನ್ನು ತಡೆಯುವ ಶಕ್ತಿ ನಮಗಿದ್ದು, ಅದಕ್ಕಾಗಿ ಅಷ್ಟೇ ತೂಕದ ಇನ್ನೊಂದನ್ನು ಕಳೆದುಕೊಳ್ಳಬೇಕಿಲ್ಲ ಎಂದಾದರೆ, ತಡೆಯಲೇಬೇಕು.

ಸಿಂಗರ್ ಕೊಡುವ ಉದಾಹರಣೆ ಆಳವಿಲ್ಲದ ಕೊಳದ್ದು. ನೀನು ನಮ್ಮ ಅಡಿಕೆ ತೋಟದ ಕೆರೆಯನ್ನೇ ನೆನೆಸಿಕೋ. ಎಪ್ರಿಲ್ ತಿಂಗಳು, ನಿನ್ನ ಮೊಣಕಾಲಿನಷ್ಟು ನೀರು. ಪುಟ್ಟ ಮಗುವೊಂದು ಅದರಲ್ಲಿ ಮುಳುಗುತ್ತಿದೆ. ಇಳಿದರೆ ಹೊಸ ಪ್ಯಾಂಟಿಗೆ ಕೆಸರು. ಆದರೂ ಇಳಿಯುತ್ತೀ ಅಲ್ವಾ? ಹಾಗಾದರೆ ಹೊಸ ಬಟ್ಟೆಗೆ ಇಟ್ಟ ಹಣದಿಂದ ಒಂದು ಜೀವ ಉಳಿಯುವಾಗ ಸುಮ್ನೆ ಕೂರುವುದು ಹೇಗೆ ಸರಿ, ಅಂತ ಕೇಳುತ್ತಾರೆ.

ಇನ್ನು ಆಕ್ಷೇಪಗಳು. ‘ಅವರು ದೂರದವರು’: ದೂರ ಅನ್ನುವುದರಿಂದ ನೋವಿನ ತೂಕ ಕಡಿಮೆಯಾಗುವುದಿಲ್ಲ. ನಮ್ಮೂರಲ್ಲೇ ನೋಡು, ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಕಡೆ ನರಳಿದವರ ಪರವಾಗಿ ಎಲ್ಲೆಲ್ಲಿಯವರೋ ನಿಂತರು. ಅವರು ದೂರ ಲೆಕ್ಕ ಹಾಕಲಿಲ್ಲ. ‘ಬೇರೆಯವರೂ ಕೊಡುತ್ತಿಲ್ಲ’: ಕೆರೆಯ ದಂಡೆಯಲ್ಲಿ ಇನ್ನೂ ಹತ್ತು ಜನ ಸುಮ್ಮನೆ ನಿಂತಿದ್ದರೆ ನೀನು ಇಳಿಯದೆ ಇರಬಹುದಾ? ‘ಸರಕಾರ ಮಾಡಲಿ’: ಜನ ಕೊಡದೇ ಹೋದರೆ, ಯಾರಿಗೂ ಇದು ಬೇಡ ಅಂತ ಸರಕಾರವೇ ತಿಳಿದೀತು ಅನ್ನುತ್ತಾರೆ. ‘ಈಗ ಬದುಕಿಸಿದರೆ ಜನಸಂಖ್ಯೆ ಬೆಳೆದು ಮುಂದೆ ಇನ್ನೂ ಜಾಸ್ತಿ ಜನ ಹಸಿಯುತ್ತಾರೆ’: ಹಾಗಿದ್ದರೆ ಜನಸಂಖ್ಯೆ ಹಿಡಿತದ ಕೆಲಸಕ್ಕೆ ಕೊಡು, ಕೈಕಟ್ಟಿ ಕೂರಲು ಅದು ಕಾರಣವಲ್ಲ.

ನನ್ನನ್ನು ತುಂಬ ಕಾಡುವುದು ‘ಇದು ಅತಿಯಾಯಿತು’ ಅನ್ನುವ ಆಕ್ಷೇಪ. ಸಿಂಗರ್ ಜಗ್ಗುವುದಿಲ್ಲ. ದಾನಕ್ಕೂ ಕರ್ತವ್ಯಕ್ಕೂ ನಾವು ಎಳೆದ ಗೆರೆಯೇ ತಪ್ಪು ಅನ್ನುತ್ತಾರೆ. ಎಷ್ಟು ಕೊಡಬೇಕು? ಇನ್ನೂ ಕೊಟ್ಟರೆ, ಪಡೆಯುವವರಿಗೆ ತಪ್ಪುವಷ್ಟೇ ಸಂಕಟ ನಮಗೋ ನಮ್ಮನ್ನು ನಂಬಿದವರಿಗೋ ಆಗುತ್ತದೆ ಎನ್ನುವ ಮಟ್ಟದವರೆಗೆ. ಇದು ಆ ಎರಡನೆಯ ಮಾತಿನ ಗಟ್ಟಿ ರೂಪ, ಸಿಂಗರ್ ಒಪ್ಪುವುದು ಇದನ್ನೇ. ಮೆದು ರೂಪದಲ್ಲಿ, ನೈತಿಕವಾಗಿ ಮುಖ್ಯವಾದ ಯಾವುದನ್ನೂ ಬಿಡಬೇಕಿಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಮಂದಿ ಇವೆರಡನ್ನು ಬೆರೆಸಿಬಿಡುತ್ತಾರೆ. ನೀನು ಬೇರೆ ಬೇರೆಯಾಗಿಯೇ ಬರೆ.

ಅಕ್ಕ