ವಿಷಯ: ನಾಲ್ಕನೇ ಅಧ್ಯಾಯದ ಕರಡಿಗೆ ಆಗಸ್ಟ್ 18ರವರೆಗೆ ಸಮಯ ಕೋರಿ (ಪರಿಷ್ಕೃತ ಯೋಜನೆಯೊಂದಿಗೆ)

ಸೋಮವಾರ, 16 ಜೂನ್ 2025

ಮೇಡಂ, ನಮಸ್ಕಾರ.

ನಾಲ್ಕನೇ ಅಧ್ಯಾಯದ ಕರಡನ್ನು ಜೂನ್ 30ಕ್ಕೆ ಕೊಡಬೇಕಿತ್ತು. ಅದಕ್ಕೆ ಆಗಸ್ಟ್ 18ರವರೆಗೆ, ಅಂದರೆ ಏಳು ವಾರ, ಸಮಯ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಕೊನೇ ದಿನ ಬಂದು ಕೇಳುವುದಕ್ಕಿಂತ ಈಗಲೇ ತಿಳಿಸುವುದು ಸರಿ ಅನ್ನಿಸಿತು. ನೀವೂ ಡಾಕ್ಟರಲ್ ಕಮಿಟಿ ಸಭೆಯ ದಿನ ಗೊತ್ತು ಮಾಡಬೇಕಲ್ವಾ.

ತಡವಾಗುತ್ತಿರುವುದು ಕಡತಗಳಿಂದ. ನಾವು ಆರಿಸಿಕೊಂಡ ಎರಡು ತಾಲ್ಲೂಕುಗಳಲ್ಲಿ ಮೊದಲನೆಯದರ ರೀಗ್ರಾಂಟ್ ಕಡತಗಳನ್ನು ಏಪ್ರಿಲ್‌ನಲ್ಲೇ ನೋಡಿ ಮುಗಿಸಿದೆ. ಎರಡನೆಯ ತಾಲ್ಲೂಕಿನಲ್ಲಿ ಹಳೇ ದಾಖಲೆಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ಮೇ ಮೊದಲ ವಾರದಿಂದ ರೆಕಾರ್ಡ್ ರೂಮಿನ ಕಟ್ಟುಗಳನ್ನು ಹೊರಗಿನವರಿಗೆ ಕೊಡುತ್ತಿಲ್ಲ. ಸ್ಕ್ಯಾನ್ ಆಗಿರುವ ಪ್ರತಿಗಳನ್ನಾದರೂ ತೋರಿಸಿ ಎಂದು ಕೇಳಿದೆ. ಇಂಡೆಕ್ಸ್ ಆಗುವವರೆಗೆ ಯಾವ ಕಡತ ಎಲ್ಲಿದೆ ಎಂದು ತಮಗೇ ಗೊತ್ತಾಗುವುದಿಲ್ಲ ಎಂದರು. ಅದೂ ನಿಜ ಇರಬಹುದು. ಜುಲೈ ಮೊದಲ ವಾರದಿಂದ ನೋಡಲು ಬಿಡುತ್ತೇವೆ ಎಂದು ನನ್ನ ಅರ್ಜಿಯ ಮೇಲೆಯೇ ಹಿಂಬರಹ ಕೊಟ್ಟಿದ್ದಾರೆ. ಅದರ ಫೋಟೊ ಲಗತ್ತಿಸಿದ್ದೇನೆ.

ಒಂದೇ ತಾಲ್ಲೂಕಿನ ಕಡತ ಇಟ್ಟುಕೊಂಡು ಬರೆದುಬಿಡಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಶುರು ಮಾಡಿದ್ದೆ. ಹದಿನೆಂಟು ಪುಟ ಬರೆದೂ ಆಗಿದೆ. ಆದರೆ ಏಪ್ರಿಲ್‌ನಲ್ಲಿ ಸಿಕ್ಕ ಒಂದು ಅರ್ಜಿಯಿಂದ ಅಧ್ಯಾಯದ ವಾದವೇ ಸ್ವಲ್ಪ ಬೇರೆ ಕಡೆ ತಿರುಗಿದೆ. ಅದನ್ನು ಇಲ್ಲಿ ಹೇಳಲೇಬೇಕು.

ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ಶಾನುಭೋಗ, ಪಟೇಲ, ತೋಟಿ, ತಳವಾರರ ಜೊತೆ ನೀರುಗಂಟಿಯ ವಂಶಪಾರಂಪರ್ಯ ಹುದ್ದೆಯೂ ಹೋಯಿತು, ಇನಾಂ ಜಮೀನು ಅವರ ಹೆಸರಿಗೇ ರೀಗ್ರಾಂಟ್ ಆಗುವ ದಾರಿ ತೆರೆಯಿತು. ಹುದ್ದೆ ಹೋದಮೇಲೆ ತೂಬು ನೋಡುವವರಿಲ್ಲದೆ ಕೆರೆಗಳ ವ್ಯವಸ್ಥೆ ಕುಸಿಯಿತು ಎಂದು ನನ್ನ ಸಿನಾಪ್ಸಿಸ್‌ನಲ್ಲಿ ಬರೆದುಕೊಂಡಿದ್ದೆವು. ಈ ಅರ್ಜಿ ಬೇರೆಯೇ ಹೇಳುತ್ತದೆ. ಅರ್ಜಿದಾರ ನೀರುಗಂಟಿ, ಕೆಳಗೆ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಬರೆದವರ ಬಿಕ್ಕಲಂ. ಸಾರಾಂಶ ಇಷ್ಟು: ಜಮೀನು ನನ್ನ ಹೆಸರಿಗೆ ಆಗಿದೆ, ಕಂದಾಯ ಕಟ್ಟುತ್ತಿದ್ದೇನೆ, ಆದರೂ ಊರಿನವರು ತೂಬು ಎತ್ತು, ಕೋಡಿ ಕಾಯಿ ಎಂದು ಬಿಡುತ್ತಿಲ್ಲ, ಸುಗ್ಗಿಯಲ್ಲಿ ಕೊಡುತ್ತಿದ್ದ ಆಯವನ್ನು ಮಾತ್ರ ನಿಲ್ಲಿಸಿದ್ದಾರೆ. ಅಂದರೆ ಕಾಗದದಲ್ಲಿ ಹೋದ ಹುದ್ದೆ ಊರಿನಲ್ಲಿ ಹೋಗಿರಲಿಲ್ಲ. ಹೋದದ್ದು ಕೂಲಿ. ನಮ್ಮ ಜಿಲ್ಲೆಯ ಹೆಚ್ಚಿನ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳದ್ದೇ ಆಗಿತ್ತು ಎನ್ನುವುದನ್ನು ಇದರ ಜೊತೆ ಇಟ್ಟು ನೋಡಿದರೆ ಸುಮ್ನೆ ಅಡಿಟಿಪ್ಪಣಿಯಲ್ಲಿ ಸೇರಿಸಿ ಮುಂದೆ ಹೋಗುವ ವಿಷಯ ಇದಲ್ಲ.

ಒಂದು ಅರ್ಜಿಯಿಂದ ಇಷ್ಟು ದೊಡ್ಡ ಮಾತು ಹೇಳಲು ಆಗುವುದಿಲ್ಲ, ಗೊತ್ತು. ಎರಡನೆಯ ತಾಲ್ಲೂಕಿನಲ್ಲಿ ಇಂಥವೇ ಇನ್ನಷ್ಟು ಇದ್ದರೆ ವಾದ ನಿಲ್ಲುತ್ತದೆ. ಇಲ್ಲದಿದ್ದರೆ ಅದನ್ನೂ ಇದ್ದ ಹಾಗೆ ಬರೆಯುತ್ತೇನೆ.

ಪರಿಷ್ಕೃತ ಯೋಜನೆ ಹೀಗಿದೆ.

ಜೂನ್ 27, ಶುಕ್ರವಾರ: ಈಗ ಬರೆದಿರುವ ಹದಿನೆಂಟು ಪುಟಗಳನ್ನು ನಿಮಗೆ ಕಳಿಸುತ್ತೇನೆ. ಕಾಯ್ದೆಯ ಹಿನ್ನೆಲೆ ಮತ್ತು ಮೊದಲ ತಾಲ್ಲೂಕಿನ ಭಾಗ ಅದರಲ್ಲಿ ಪೂರ್ತಿ ಇರುತ್ತದೆ. ಮೇಲೆ ಹೇಳಿದ ಅರ್ಜಿಯ ನಕಲನ್ನೂ ಅಕ್ಷರ ತಿದ್ದದೆ ಟೈಪ್ ಮಾಡಿ ಸೇರಿಸುತ್ತೇನೆ.

ಜುಲೈ 1ರಿಂದ 19: ಎರಡನೆಯ ತಾಲ್ಲೂಕಿನ ರೆಕಾರ್ಡ್ ರೂಮ್. 1963ರಿಂದ 1980ರವರೆಗಿನ ನೀರುಗಂಟಿ ಇನಾಂ ಕಡತಗಳನ್ನು ಮಾತ್ರ ನೋಡುತ್ತೇನೆ. ತೋಟಿ, ತಳವಾರಿಕೆ ಕಡತಗಳ ಆಸೆ ಬಿಟ್ಟಿದ್ದೇನೆ. ಕೈಹಾಕಿದರೆ ಮುಗಿಯುವುದಿಲ್ಲ.

ಜುಲೈ 10, ಗುರುವಾರ: ಇದು ತೀರ್ಮಾನದ ದಿನ. ಅಷ್ಟರೊಳಗೆ ಕಡತ ಕೈಗೆ ಸಿಗದಿದ್ದರೆ ಇನ್ನು ಕಾಯುವುದಿಲ್ಲ. ಅಧ್ಯಾಯವನ್ನು ಒಂದೇ ತಾಲ್ಲೂಕಿಗೆ ಇಳಿಸಿ, ಶೀರ್ಷಿಕೆಯಲ್ಲಿ ಅದನ್ನು ಸ್ಪಷ್ಟವಾಗಿ ಹಾಕಿ, ಜುಲೈ 31ಕ್ಕೇ ಕರಡು ಕೊಡುತ್ತೇನೆ. ಆ ದಿನ ಸಂಜೆ ಏನಾಯಿತೆಂದು ನಿಮಗೆ ಮೇಲ್ ಮಾಡುತ್ತೇನೆ.

ಜುಲೈ 21ರಿಂದ 26: ಉಳಿದ ನಾಲ್ಕು ಸಂದರ್ಶನಗಳು. ಇವನ್ನು ಜೂನ್‌ನಲ್ಲೇ ಮುಗಿಸುವ ಅಂದಾಜಿತ್ತು, ಆದರೆ ಉಳುಮೆ, ಬಿತ್ತನೆ ಶುರುವಾದ ಮೇಲೆ ಹಗಲಲ್ಲಿ ಯಾರೂ ಕೂತು ಮಾತಾಡುವುದಿಲ್ಲ. ಒಬ್ಬ ಅಜ್ಜನ ಹತ್ತಿರ ಮಾತ್ರ ಮತ್ತೆ ಹೋಗಲೇಬೇಕು. ಕೆರೆಯಲ್ಲಿ ನೀರು ಕಡಿಮೆಯಾದಾಗ ಯಾವ ಬಯಲಿಗೆ ಮೊದಲು ಬಿಡುತ್ತಿದ್ದರು, ಯಾರ ಮಾತಿಗೆ ತೂಬು ಮುಚ್ಚುತ್ತಿದ್ದರು ಎಂದು ಅವರು ಗದ್ದೆ ಗದ್ದೆಯ ಹೆಸರು ಹಿಡಿದು ಹೇಳುತ್ತಾರೆ. ಹೋದ ಸಲ ರೆಕಾರ್ಡರ್ ಆಫ್ ಮಾಡಿಸಿ ಹೇಳಿದ ಮಾತುಗಳನ್ನು ಬಳಸಲು ಅವರ ಒಪ್ಪಿಗೆ ಕೇಳಬೇಕಿದೆ. ಒಪ್ಪದಿದ್ದರೆ ಬಳಸುವುದಿಲ್ಲ.

ಜುಲೈ 28ರಿಂದ ಆಗಸ್ಟ್ 13: ಬರವಣಿಗೆ. ಆಗಸ್ಟ್ 8 ವರಮಹಾಲಕ್ಷ್ಮಿ ಹಬ್ಬ, ಅದಕ್ಕೆ ಎರಡು ದಿನ ಬಿಟ್ಟೇ ಲೆಕ್ಕ ಹಾಕಿದ್ದೇನೆ. ಮನೆಯಲ್ಲಿ ಆ ಎರಡು ದಿನ ಬರೆಯುತ್ತೇನೆ ಎಂದರೆ ನಡೆಯುವುದಿಲ್ಲ.

ಆಗಸ್ಟ್ 14ರಿಂದ 17: ಅಡಿಟಿಪ್ಪಣಿ, ಕಡತ ಸಂಖ್ಯೆಗಳ ತಾಳೆ, ಕೆರೆಗಳ ನಕ್ಷೆ.

ಆಗಸ್ಟ್ 18, ಸೋಮವಾರ: ಪೂರ್ತಿ ಕರಡು ನಿಮ್ಮ ಮೇಜಿಗೆ. ಪ್ರಿಂಟ್‌ನಲ್ಲೇ ಓದುತ್ತೀರೆಂದು ಎರಡು ಸಾಲಿನ ಅಂತರ ಬಿಟ್ಟು ತೆಗೆಸಿ ತರುತ್ತೇನೆ. ಗಣೇಶ ಹಬ್ಬ 27ಕ್ಕೆ ಇರುವುದರಿಂದ ನಿಮಗೆ ಓದಲು ಹಬ್ಬಕ್ಕೆ ಮುಂಚೆ ಒಂದು ವಾರವಾದರೂ ಸಿಗುತ್ತದೆ.

ಐದನೇ ಅಧ್ಯಾಯದ ಗಡುವು ನವೆಂಬರ್ 30. ಅದನ್ನು ಬದಲಿಸುತ್ತಿಲ್ಲ. ಅದು ಹೆಚ್ಚಾಗಿ ಬೋರ್‌ವೆಲ್ ಬಂದ ನಂತರದ ಕಥೆ, ಅದರ ಸಂದರ್ಶನಗಳೆಲ್ಲ ಆಗಿವೆ. ನನ್ನ ನೋಂದಣಿಯ ಆರು ವರ್ಷ ಮುಗಿಯುವುದು 2028ರ ಫೆಬ್ರವರಿಗೆ. ಹಾಗಾಗಿ ಈ ಏಳು ವಾರದಿಂದ ಒಟ್ಟು ಅವಧಿಗೆ ತೊಂದರೆ ಇಲ್ಲ. ಅರ್ಧವಾರ್ಷಿಕ ಪ್ರಗತಿ ವರದಿ ಜುಲೈ 15ಕ್ಕೆ ಹೋಗಬೇಕು. ಅದರಲ್ಲಿ ನಾಲ್ಕನೇ ಅಧ್ಯಾಯವನ್ನು 'ಪ್ರಗತಿಯಲ್ಲಿದೆ' ಎಂದು ಬರೆಯಲು ನಿಮ್ಮ ಒಪ್ಪಿಗೆ ಬೇಕು.

ಇನ್ನೊಂದು ಸಹಾಯ ಬೇಕಿತ್ತು ಮೇಡಂ. ತಾಲ್ಲೂಕು ಕಚೇರಿಗೆ ವಿಭಾಗದ ಲೆಟರ್‌ಹೆಡ್‌ನಲ್ಲಿ ನಿಮ್ಮ ಸಹಿ ಇರುವ ಒಂದು ಪತ್ರ ಸಿಕ್ಕರೆ ಜುಲೈ ಮೊದಲ ವಾರದ ಮಾತು ಗಟ್ಟಿಯಾಗುತ್ತದೆ. ನಾನೊಬ್ಬಳೇ ಹೋದಾಗ ನಾಳೆ ಬನ್ನಿ ಎನ್ನುವವರು ಸೀಲು ಕಂಡರೆ ಕೂರಿಸಿ ಮಾತಾಡುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಉತ್ತರಕ್ಕೇ 30 ದಿನ, ಅದಕ್ಕೇ ಆ ದಾರಿ ಹಿಡಿಯಲಿಲ್ಲ. ಪತ್ರದ ಕರಡು ಲಗತ್ತಿಸಿದ್ದೇನೆ, ನಿಮಗೆ ಸರಿ ಕಂಡಂತೆ ತಿದ್ದಿ.

ಈ ಬುಧವಾರ ಅಥವಾ ಗುರುವಾರ ನೀವು ವಿಭಾಗದಲ್ಲಿದ್ದರೆ ಬಂದು ಕಾಣುತ್ತೇನೆ. ಯೋಜನೆಯಲ್ಲಿ ಯಾವ ದಿನಾಂಕ ಸರಿಯಿಲ್ಲ ಅನ್ನಿಸಿದರೂ ಹೇಳಿ, ಬದಲಿಸಿ ಕಳಿಸುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ವಿದ್ಯಾರ್ಥಿನಿ,
ಮಂಜುಳಾ
ಪಿಎಚ್‌.ಡಿ. ಸಂಶೋಧನಾರ್ಥಿ, ಇತಿಹಾಸ ವಿಭಾಗ

ಲಗತ್ತು: 1. ಹಿಂಬರಹವಿರುವ ಅರ್ಜಿಯ ಫೋಟೊ 2. ತಾಲ್ಲೂಕು ಕಚೇರಿಗೆ ಪತ್ರದ ಕರಡು