ಹೆಚ್ಚು–ಕಡಿಮೆ: ಪಾಠ ಯೋಜನೆ
ಮುಂಬೈ, ಕನ್ನಡ ಮಾಧ್ಯಮ, 1ನೇ ತರಗತಿ. 24 ಮಕ್ಕಳು, 35 ನಿಮಿಷ.

ಇಬ್ಬರಿಗೊಂದು ಡಬ್ಬಿ: ಕಾಗದ ಸುತ್ತಿದ ಪೆಪ್ಪರ್‌ಮಿಂಟ್ 10, ಹುಣಸೆ ಬೀಜ 12. ತಿನ್ನುವುದು ಕೊನೆಗೇ ಎಂದು ಮೊದಲೇ ಹೇಳಿಬಿಡಿ. ಇಲ್ಲವಾದರೆ ಲೆಕ್ಕ ಕೆಡುತ್ತದೆ.

ಮೊದಲ 10 ನಿಮಿಷ: ಒಂದು ಸಾಲಿನಲ್ಲಿ 5, ಇನ್ನೊಂದರಲ್ಲಿ 3 ಪೆಪ್ಪರ್‌ಮಿಂಟ್. ಎಣಿಸುವ ಮುಂಚೆ ಎದುರುಬದುರು ಜೋಡಿ ಮಾಡಿಸಿ. ಜೋಡಿಯಿಲ್ಲದೆ ಉಳಿದದ್ದು ಯಾವ ಸಾಲಿನಲ್ಲೋ ಅದೇ ಹೆಚ್ಚು. ಮನೆಮಾತಿನಲ್ಲಿ ‘ಜಾಸ್ತಿ, ಕಮ್ಮಿ’ ಅಂದರೂ ಒಪ್ಪಿಕೊಳ್ಳಿ.

ಮುಂದಿನ 12 ನಿಮಿಷ ಬೀಜಗಳಿಗೆ. ಅವಸರ ಬೇಡ, ಪಾಠದ ಜೀವಾಳ ಇಲ್ಲಿದೆ. 4 ಬೀಜ ದೂರದೂರ, 6 ಬೀಜ ಒತ್ತೊತ್ತಾಗಿ ಇಡಿ. ಹಲವರು 4ರ ಸಾಲನ್ನೇ ತೋರಿಸುತ್ತಾರೆ. ಅವರ ಕಣ್ಣು ಸಾಲಿನ ಉದ್ದ ನೋಡುತ್ತದೆ, ಸಂಖ್ಯೆಯನ್ನಲ್ಲ. ‘ತಪ್ಪು’ ಎನ್ನದೆ ಮತ್ತೆ ಜೋಡಿ ಮಾಡಿಸಿ. 4–4 ಇಟ್ಟು ‘ಸಮ’ವನ್ನೂ ತೋರಿಸಿ.

ಉಳಿದ ಹೊತ್ತು ಚಿಹ್ನೆಗೆ. ಹಲಗೆಯ ಮೇಲೆ ದೊಡ್ಡ ಸಂಖ್ಯೆಯ ಪಕ್ಕ ಎರಡು ಚುಕ್ಕೆ, ಚಿಕ್ಕದರ ಪಕ್ಕ ಒಂದು; ಗೆರೆ ಎಳೆದು ಸೇರಿಸಿದರೆ 5 > 3. ಎಡದಿಂದ ಓದಿಸಿ: ‘ಐದು, ಮೂರಕ್ಕಿಂತ ಹೆಚ್ಚು’. ಆಮೇಲೆ 3 < 5. ದೊಡ್ಡ ಸಂಖ್ಯೆಯ ಕಡೆ ತೆರೆದ ‘ಮೊಸಳೆ ಬಾಯಿ’ ಎಂದಷ್ಟೇ ಚಿಹ್ನೆಯನ್ನು ಕಲಿತ ಮಕ್ಕಳು ಚಿಹ್ನೆ ಸರಿಯಾಗಿ ಬರೆದರೂ ಓದಲು ತಡವರಿಸುತ್ತಾರೆ.

ಹೊರಡುವಾಗ ಪ್ರತಿ ಮಗುವಿಗೆ 7, 2 ತೋರಿಸಿ ಓದಿಸಿ, ಒಂದು ಪೆಪ್ಪರ್‌ಮಿಂಟ್ ಕೊಡಿ. ತಪ್ಪಿದವರಿಗೂ ಕೊಡಲೇಬೇಕು.